ಮಾರಾಟ ಕರಪತ್ರದಲ್ಲಿ ಹಾಸಿಗೆಯ ಆರಾಮವನ್ನೂ ವಾರಂಟಿಯನ್ನೂ ಬರೆಯುವ ಕ್ರಮ

ಆಷಾಢ ಮಾಸ ಕಾಲಿಟ್ಟಿತೆಂದರೆ ಮದುವೆ, ಗೃಹಪ್ರವೇಶಗಳು ನಿಲ್ಲುತ್ತವೆ. ಅದರೊಡನೆ ಮಂಚ, ಬೀರು, ಹಾಸಿಗೆಗಳ ವ್ಯಾಪಾರವೂ ಇಳಿಮುಖವಾಗುತ್ತದೆ. ಈ ಬಿಡುವನ್ನು ತುಂಬಿಕೊಳ್ಳಲು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಪೀಠೋಪಕರಣ ವರ್ತಕರು ‘ಹೋಮ್ ಮೇಕ್‌ಓವರ್ ಸೇಲ್’ ಎಂಬ ಹೆಸರಿನಲ್ಲಿ ರಿಯಾಯಿತಿ ಮಾರಾಟಗಳನ್ನು ಏರ್ಪಡಿಸುತ್ತಾರೆ. ಹೊಸ ಮನೆ ಕಟ್ಟಿಸದವರೂ ಇರುವ ಮನೆಯ ಹಳೆಯ ಸಾಮಾನುಗಳನ್ನು ಬದಲಾಯಿಸಿಕೊಳ್ಳಲಿ ಎಂಬುದು ಇದರ ಆಶಯ. ಕರಪತ್ರವು ಬೆಳಗಿನ ದಿನಪತ್ರಿಕೆಯ ಮಡಿಕೆಯೊಳಗೆ ಸೇರಿ ಮನೆಮನೆಗೆ ಹೋಗುತ್ತದೆ. ಅದೇ ಮಾತುಗಳನ್ನು ಧ್ವನಿವರ್ಧಕ ಕಟ್ಟಿದ ಆಟೋ ಊರಲ್ಲೆಲ್ಲ ಸಾರುತ್ತದೆ.

ಆ ಕರಪತ್ರಗಳ ಒಕ್ಕಣೆ ಬಹುತೇಕ ಒಂದೇ ಬಗೆಯದು. ಅಭ್ಯಾಸಕ್ಕಾಗಿ ದೊಡ್ಡಬಳ್ಳಾಪುರದ ಪೇಟೆಬೀದಿಯ ಒಂದು ಮಳಿಗೆಯನ್ನು ಕಲ್ಪಿಸಿಕೊಂಡು, ಅದರ ಮಾಲೀಕರು ಮುದ್ರಣಾಲಯಕ್ಕೆ ಕಳುಹಿಸಲು ಸಿದ್ಧಪಡಿಸಿದ ಕರಡು ಹೀಗಿದೆಯೆಂದು ಇಟ್ಟುಕೊಳ್ಳೋಣ: “ಸ್ವರ್ಗಸುಖ ನೀಡುವ ವಿಶ್ವದರ್ಜೆಯ ಹಾಸಿಗೆಗಳು! ಬೆನ್ನುನೋವಿಗೆ ಶಾಶ್ವತ ಪರಿಹಾರ! 7 ವರ್ಷಗಳ ಸಂಪೂರ್ಣ ವಾರಂಟಿ! ಶುದ್ಧ ತೇಗದ ಮಂಚಗಳು! ಶೇ. 60ರವರೆಗೆ ಭಾರಿ ರಿಯಾಯಿತಿ!”

ಇಲ್ಲಿ ಐದು ಮಾತುಗಳಿವೆ. ಮೊದಲನೆಯದು ಬರಿಯ ಬಡಾಯಿ. ಅದರಿಂದ ಯಾರಿಗೂ ಹಾನಿಯಿಲ್ಲ, ಯಾರಿಗೂ ಲಾಭವೂ ಇಲ್ಲ. ಆದರೆ ಉಳಿದ ನಾಲ್ಕು ಮಾತುಗಳು ಹಾಗಲ್ಲ, ಅವು ವಾಗ್ದಾನಗಳು. ಗ್ರಾಹಕರು ಆ ಕಾಗದವನ್ನು ಬಿಲ್ಲಿನ ಜೊತೆಗೆ ಮಡಿಸಿಟ್ಟುಕೊಂಡು ಮೂರು ವರ್ಷದ ನಂತರ ಅಂಗಡಿಗೆ ತಂದರೆ, ಮಾಲೀಕರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಬಡಾಯಿಗೂ ವಾಗ್ದಾನಕ್ಕೂ ಇರುವ ಗೆರೆಯನ್ನು ತೋರಿಸುವ ಹಳೆಯ ಪ್ರಕರಣವೊಂದು ವಾಣಿಜ್ಯ ಕಾನೂನಿನ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಇಂಗ್ಲೆಂಡಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿಯು ತನ್ನ ಔಷಧ ಸಾಧನವನ್ನು ಹೇಳಿದ ಕ್ರಮದಲ್ಲಿ ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡು ಕೊಡುವುದಾಗಿಯೂ, ಅದಕ್ಕಾಗಿ ಬ್ಯಾಂಕಿನಲ್ಲಿ 1,000 ಪೌಂಡು ಇರಿಸಿರುವುದಾಗಿಯೂ 1891ರಲ್ಲಿ ಜಾಹೀರಾತು ನೀಡಿತು. ಶ್ರೀಮತಿ ಕಾರ್ಲಿಲ್ ಎಂಬುವರು ಬಳಸಿದರು, ಜ್ವರವೂ ಬಂದಿತು. ಅದು ಕೇವಲ ಜಾಹೀರಾತಿನ ಉತ್ಪ್ರೇಕ್ಷೆ ಎಂದು ಕಂಪನಿ ವಾದಿಸಿತು. ಮೇಲ್ಮನವಿ ನ್ಯಾಯಾಲಯ 1892ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ನಿರ್ದಿಷ್ಟ ಮೊತ್ತವನ್ನೂ ನಿರ್ದಿಷ್ಟ ಷರತ್ತನ್ನೂ ಬರೆದು, ಹಣವನ್ನೂ ಎತ್ತಿಟ್ಟಿದ್ದೇನೆಂದು ಸಾರಿದ ಮೇಲೆ ಅದು ಬಡಾಯಿಯಲ್ಲ, ಪಾಲಿಸಬೇಕಾದ ಮಾತು ಎಂಬುದು ತೀರ್ಪಿನ ತಿರುಳು. ‘7 ವರ್ಷ’ ಎಂಬ ಅಂಕಿಯೂ ಇಂಥದೇ.

ನಮ್ಮ ದೇಶದಲ್ಲಿ ಈ ವಿಷಯ ಈಗ ಇನ್ನೂ ಸ್ಪಷ್ಟವಾಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸುಳ್ಳು ಖಾತರಿ ನೀಡುವ ಅಥವಾ ಮುಖ್ಯವಾದ ಸಂಗತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತು ಎಂದು ಕರೆಯುತ್ತದೆ. ಸೂಕ್ತ ಪರೀಕ್ಷೆಯ ಆಧಾರವಿಲ್ಲದೆ ವಸ್ತುವಿನ ಬಾಳಿಕೆಯ ಬಗ್ಗೆ ವಾರಂಟಿ ಕೊಡುವುದು ಅನುಚಿತ ವ್ಯಾಪಾರ ಪದ್ಧತಿಯೆಂಬ ಮಾತು 1986ರ ಹಳೆಯ ಕಾಯಿದೆಯಲ್ಲೇ ಇತ್ತು, ಹೊಸದರಲ್ಲಿಯೂ ಇದೆ. ಗ್ರಾಹಕರು ತಾವು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಹಾಸಿಗೆಯ ವ್ಯಾಜ್ಯಗಳೆಲ್ಲ ಈ ಮಿತಿಯೊಳಗೇ ಬರುತ್ತವೆ.

ಇಷ್ಟು ತಿಳಿದ ಮೇಲೆ ಕರಡನ್ನು ತಿದ್ದಲು ಕೂರಬಹುದು.

ಆರಾಮವನ್ನು ಹೇಳುವುದು

‘ಸ್ವರ್ಗಸುಖ’ ಎಂಬ ಪದದ ತೊಂದರೆಯೆಂದರೆ, ಅದನ್ನು ಎದುರು ಅಂಗಡಿಯವರೂ ಬರೆಯಬಲ್ಲರು. 4,000 ರೂಪಾಯಿಯ ಹಾಸಿಗೆಗೂ 24,000 ರೂಪಾಯಿಯ ಹಾಸಿಗೆಗೂ ಅದೇ ಪದ ಸಲ್ಲುತ್ತದೆ. ಓದುವವರಿಗೆ ಆಯ್ಕೆ ಮಾಡಲು ಅದರಿಂದ ಏನೂ ಸಿಗುವುದಿಲ್ಲ. ಆರಾಮ ಎಂಬುದು ಮಲಗಿ ನೋಡಿದಾಗಲೇ ತಿಳಿಯುವ ಸಂಗತಿ ಎಂಬುದು ನಿಜ. ಆದರೆ ಆ ಆರಾಮ ಎಲ್ಲಿಂದ ಹುಟ್ಟುತ್ತದೆಂಬುದನ್ನು ಬರೆಯಬಹುದು. ಹಾಸಿಗೆಯೊಳಗೆ ಏನಿದೆ, ಎಷ್ಟು ದಪ್ಪವಿದೆ, ಒತ್ತಿದರೆ ಎಷ್ಟು ಬಗ್ಗುತ್ತದೆ, ಯಾರಿಗೆ ಒಗ್ಗುತ್ತದೆ ಎಂಬ ನಾಲ್ಕು ಸಂಗತಿಗಳು ಸಾಕು.

ಈ ಭಾಗದ ಮನೆಗಳಲ್ಲಿ ಹಿಂದೆ ಇದ್ದದ್ದು ಹತ್ತಿಯ ಅಥವಾ ಬೂರುಗದ ಹಾಸಿಗೆ. ಗಂಟುಗಟ್ಟಿದಾಗ ಬಿಚ್ಚಿ, ಹಿಂಜಿಸಿ, ಮತ್ತೆ ಹೊಲಿಸುತ್ತಿದ್ದರು. ಒಳಗೇನಿದೆಯೆಂದು ಮನೆಯವರಿಗೆಲ್ಲ ಗೊತ್ತಿತ್ತು. 1960ರ ದಶಕದಿಂದ ಈಚೆಗೆ ಕರ್ನಾಟಕದಲ್ಲಿ ಬೆಳೆದ ಕರ್ಲ್‌ಆನ್‌ನಂಥ ಸಂಸ್ಥೆಗಳು ರಬ್ಬರು ಲೇಪಿಸಿದ ತೆಂಗಿನ ನಾರಿನ ಹಾಸಿಗೆಯನ್ನು ಬಳಕೆಗೆ ತಂದವು. ಆಮೇಲೆ ಫೋಮ್ ಬಂದಿತು, ಸ್ಪ್ರಿಂಗ್ ಬಂದಿತು. ಈಗ ಎಲ್ಲ ಹಾಸಿಗೆಗಳೂ ಹೊರಗಿನಿಂದ ಒಂದೇ ಬಗೆಯ ಬಿಳಿ ಬಟ್ಟೆಯ ಚೀಲಗಳಂತೆ ಕಾಣುತ್ತವೆ. ಒಳಗಿನದನ್ನು ಹೇಳುವ ಹೊಣೆ ವರ್ತಕರ ಮೇಲೆ ಬಿದ್ದಿದೆ.

ಆದ್ದರಿಂದ ಮೊದಲ ಸಾಲಿನಲ್ಲಿ ಪದರಗಳನ್ನು ಬರೆಯಬೇಕು. “5 ಅಂಗುಲ ದಪ್ಪ, ಕೆಳಗೆ 4 ಅಂಗುಲ ರಬ್ಬರ್ ಲೇಪಿತ ತೆಂಗಿನ ನಾರು, ಮೇಲೆ 1 ಅಂಗುಲ ಫೋಮ್” ಎಂದರೆ ಗ್ರಾಹಕರಿಗೆ ಚಿತ್ರ ಮೂಡುತ್ತದೆ. ‘ಫೋಮ್ ಹಾಸಿಗೆ’ ಎಂದು ಹೆಸರಿಟ್ಟು ಒಳಗೆ ಬಹುಪಾಲು ನಾರನ್ನೋ, ತುಂಡು ಫೋಮ್ ಒತ್ತಿ ಅಂಟಿಸಿದ ಹಲಗೆಯನ್ನೋ ಇಟ್ಟಿದ್ದರೆ ಅದನ್ನು ಮರೆಮಾಚಬಾರದು. ತುಂಡು ಫೋಮಿನ ಹಾಸಿಗೆ ಕೆಟ್ಟದ್ದೇನೂ ಅಲ್ಲ. ಗಟ್ಟಿಯಾದ ಹಾಸಿಗೆ ಬಯಸುವವರಿಗೆ ಅದೇ ಬೇಕಾದೀತು. ಆದರೆ ಅದು ಬೇರೆ ವಸ್ತು.

ಫೋಮ್ ಎಂದ ಮೇಲೆ ಅದರ ಸಾಂದ್ರತೆಯನ್ನು ಹೇಳಬೇಕು. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆಂಬುದೇ ಸಾಂದ್ರತೆ. ಅಂಗಡಿಯವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದು ಇದನ್ನೇ. ಸಾಮಾನ್ಯವಾಗಿ ಹೆಚ್ಚು ಸಾಂದ್ರತೆಯ ಫೋಮ್ ಹೆಚ್ಚು ಕಾಲ ಆಕಾರ ಉಳಿಸಿಕೊಳ್ಳುತ್ತದೆ. ಆದರೆ ಸಾಂದ್ರತೆ ಬೇರೆ, ಗಡಸುತನ ಬೇರೆ ಎಂಬುದನ್ನು ಮಾರಾಟ ಸಿಬ್ಬಂದಿಯೇ ಎಷ್ಟೋ ಸಲ ಮರೆಯುತ್ತಾರೆ. ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರುವ ಫೋಮ್ ಉಂಟು, ಕಡಿಮೆಯಿದ್ದೂ ಗಟ್ಟಿಯಾಗಿರುವುದು ಉಂಟು. ಎರಡನ್ನೂ ಪ್ರತ್ಯೇಕವಾಗಿ ಬರೆಯುವುದು ಲೇಸು.

ಈ ಅಂಕಿಯನ್ನು ಮುದ್ರಿಸುವ ಮೊದಲು ಮಾಲೀಕರು ತಾವೇ ಪರೀಕ್ಷಿಸಬಹುದು. ಅದಕ್ಕೆ ಬೇಕಾದುದು ಒಂದು ಅಳತೆಯ ಟೇಪು ಮತ್ತು ಒಂದು ತಕ್ಕಡಿ. ಹೊದಿಕೆ ತೆಗೆದ 72×36 ಅಂಗುಲದ, 4 ಅಂಗುಲ ದಪ್ಪದ ಫೋಮ್ ಹಾಳೆಯನ್ನು ತೆಗೆದುಕೊಳ್ಳೋಣ. ಮೂರೂ ಅಳತೆಗಳನ್ನು ಗುಣಿಸಿದರೆ 10,368 ಘನ ಅಂಗುಲ. ಒಂದು ಘನ ಮೀಟರಿಗೆ ಸುಮಾರು 61,024 ಘನ ಅಂಗುಲ, ಭಾಗಿಸಿದರೆ 0.17 ಘನ ಮೀಟರ್ ಬರುತ್ತದೆ. ಸಾಂದ್ರತೆ ನಿಜವಾಗಿ 32 ಆಗಿದ್ದರೆ ಹಾಳೆ ಸುಮಾರು 5.4 ಕಿಲೋ ತೂಗಬೇಕು. ತಕ್ಕಡಿ 4 ಕಿಲೋ ತೋರಿಸಿದರೆ ಅದು 24ರ ಮಾಲು. ಸರಬರಾಜುದಾರರ ಪಟ್ಟಿಯಲ್ಲಿ ಏನೇ ಬರೆದಿರಲಿ, ಕರಪತ್ರದಲ್ಲಿ 32 ಎಂದು ಮುದ್ರಿಸಬಾರದು. ಈ ಪರೀಕ್ಷೆಗೆ ಒಂದು ಮಿತಿಯಿದೆ. ತೂಕ ಬರಲೆಂದು ಫೋಮಿಗೆ ಸುಣ್ಣದ ಪುಡಿಯಂಥ ತುಂಬುವಸ್ತು ಬೆರೆಸಿದ್ದರೆ ತಕ್ಕಡಿ ಅದನ್ನು ಹೇಳದು. ಹೀಗಾಗಿ ತೂಕ ಕಡಿಮೆ ಬಂದರೆ ಅನುಮಾನ ಖಚಿತ. ಸರಿಯಾಗಿ ಬಂದರೆ ಎಲ್ಲವೂ ಸರಿಯೆಂದಲ್ಲ, ಸರಬರಾಜುದಾರರಿಂದ ಲಿಖಿತ ದೃಢೀಕರಣ ಪಡೆದಿರಬೇಕು.

ಗಡಸುತನವನ್ನು ಹೇಳಲು ‘ಮೆತ್ತನೆ’, ‘ಮಧ್ಯಮ’, ‘ಗಟ್ಟಿ’ ಎಂಬ ಮೂರು ಪದಗಳೇ ಸಾಕು. ಆದರೆ ಒಂದೇ ಅಂಗಡಿಯ ಎಲ್ಲ ಹಾಸಿಗೆಗಳಿಗೂ ಒಂದೇ ಅಳತೆಗೋಲು ಇರಬೇಕು. ಒಂದು ಕಂಪನಿಯ ‘ಮಧ್ಯಮ’ ಇನ್ನೊಂದರ ‘ಗಟ್ಟಿ’ಗೆ ಸಮವಾಗಿರುವುದುಂಟು. ಮಳಿಗೆಯ ಸಿಬ್ಬಂದಿ ಎಲ್ಲ ಮಾದರಿಗಳ ಮೇಲೂ ಮಲಗಿ ನೋಡಿ ತಮ್ಮದೇ ಕ್ರಮದಲ್ಲಿ ಜೋಡಿಸಿ, “ಈ ಮಳಿಗೆಯ ಹಾಸಿಗೆಗಳ ಪೈಕಿ ಇದು ಮಧ್ಯಮ” ಎಂದು ಬರೆದರೆ ಮಾತು ಪ್ರಾಮಾಣಿಕವಾಗಿರುತ್ತದೆ. ಮೆಮೊರಿ ಫೋಮ್ ಮಾರುವವರು ಇನ್ನೊಂದು ಸಾಲು ಸೇರಿಸುವುದು ಒಳ್ಳೆಯದು. ಅದು ಮೈಯ ಶಾಖಕ್ಕೆ ಮೆತ್ತಗಾಗುವ ವಸ್ತು. ಡಿಸೆಂಬರಿನ ಚಳಿಯಲ್ಲಿ ನಂದಿಬೆಟ್ಟದ ಸುತ್ತಲಿನ ಊರುಗಳಲ್ಲಿ ಮಲಗಿದ ಮೊದಲ ಕೆಲವು ನಿಮಿಷ ಅದು ಗಟ್ಟಿಯೆನಿಸುತ್ತದೆ. ಈ ಸ್ವಭಾವವನ್ನು ಮೊದಲೇ ತಿಳಿಸಿದರೆ ‘ಹಾಸಿಗೆ ಕೆಟ್ಟಿದೆ’ ಎಂಬ ಒಂದು ದೂರು ಕಡಿಮೆಯಾಗುತ್ತದೆ.

ಇನ್ನು ಬೆನ್ನುನೋವು. ‘ಆರ್ಥೋ’ ಎಂಬ ಪದವನ್ನು ಹಾಸಿಗೆಯ ಹೆಸರಿಗೆ ಅಂಟಿಸುವುದು ವಾಡಿಕೆಯಾಗಿದೆ. ಹಾಸಿಗೆ ಎಷ್ಟು ಗಟ್ಟಿಯೋ ಬೆನ್ನಿಗೆ ಅಷ್ಟು ಹಿತ ಎಂಬ ನಂಬಿಕೆಯೂ ವ್ಯಾಪಕ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲದ ಸೊಂಟನೋವಿನ 313 ಮಂದಿಯನ್ನು ಎರಡು ಗುಂಪು ಮಾಡಿ 90 ದಿನ ನೋಡಿದಾಗ, ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಡಸಿನ ಹಾಸಿಗೆಯವರಿಗೆ ನೋವು ಹೆಚ್ಚು ತಗ್ಗಿತ್ತು. ಇದರ ಅರ್ಥ ಮಧ್ಯಮ ಹಾಸಿಗೆ ನೋವನ್ನು ಗುಣಪಡಿಸುತ್ತದೆ ಎಂದಲ್ಲ. ‘ಶಾಶ್ವತ ಪರಿಹಾರ’ ಎಂದು ಬರೆಯಲು ಯಾವ ಅಂಗಡಿಯವರ ಬಳಿಯೂ ಆಧಾರವಿಲ್ಲ, ಆದ್ದರಿಂದ ಆ ಸಾಲನ್ನು ತೆಗೆದುಹಾಕುವುದೊಂದೇ ತಿದ್ದುಪಡಿ. ಅದರ ಜಾಗದಲ್ಲಿ “ಮಂಚದ ಅಂಚಿನಿಂದ ಏಳಲು ಕಷ್ಟಪಡುವ ಹಿರಿಯರಿಗೆ ಅಂಚು ಕುಸಿಯದ ಗಟ್ಟಿ ಹಾಸಿಗೆ; ಮಗ್ಗುಲಾಗಿ ಮಲಗುವವರಿಗೆ ಭುಜ ಒತ್ತದ ಮಧ್ಯಮ ಹಾಸಿಗೆ. ಹತ್ತು ನಿಮಿಷ ಮಲಗಿ ನೋಡಿ” ಎಂದು ಬರೆಯಬಹುದು. ಇದು ಅಂಗಡಿಯಲ್ಲೇ ಪರೀಕ್ಷೆಗೆ ಒಡ್ಡಬಹುದಾದ ಮಾತು. ಹತ್ತು ನಿಮಿಷ ಮಲಗಲು ಬಿಡುವ ಧೈರ್ಯವಿರುವ ಅಂಗಡಿ ಎಂಬ ಮಾತೂ ಅದರಲ್ಲಿ ಅಡಗಿದೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹಾಸಿಗೆಯ ಮೇಲೆ ಅಂಗೈ ಒತ್ತಿಸಿ ಕಳುಹಿಸುವ ಪದ್ಧತಿಗೆ ಇದು ಹೊಂದದು.

ವಾರಂಟಿಯ ಲೆಕ್ಕ

ಕರಡಿನ ಅತ್ಯಂತ ಅಪಾಯಕಾರಿ ಸಾಲು ‘7 ವರ್ಷಗಳ ಸಂಪೂರ್ಣ ವಾರಂಟಿ’. ಜನರ ಮಾತಿನಲ್ಲಿ ಗ್ಯಾರಂಟಿಯೆಂದರೆ ಹೊಸದು ಕೊಡುವುದು, ವಾರಂಟಿಯೆಂದರೆ ದುರಸ್ತಿ ಮಾಡಿಕೊಡುವುದು ಎಂಬ ಕಲ್ಪನೆಯಿದೆ. ಹಾಸಿಗೆಗೆ ಈ ವಿಭಜನೆ ಉಪಯೋಗವಿಲ್ಲ. ಯಾವ ದೋಷಕ್ಕೆ, ಎಷ್ಟು ವರ್ಷ, ಏನು ಮಾಡಿಕೊಡಲಾಗುವುದು ಎಂಬುದನ್ನು ನೇರವಾಗಿ ಬರೆಯಬೇಕು.

ಹಲವು ಕಂಪನಿಗಳ ವಾರಂಟಿ ಎರಡು ಭಾಗದ್ದು. ಮೊದಲ ಕೆಲವು ವರ್ಷ ಉಚಿತ ಬದಲಾವಣೆ. ನಂತರದ ವರ್ಷಗಳಲ್ಲಿ ಬಳಸಿದ ಅವಧಿಗೆ ಅನುಗುಣವಾಗಿ ಗ್ರಾಹಕರೂ ಪಾಲು ತೆರಬೇಕು. ಈ ಪಾಲು ಹೇಗೆ ಬೆಳೆಯುತ್ತದೆಂಬುದನ್ನು ಒಂದು ಕಲ್ಪಿತ ಕಾರ್ಡಿನ ಮೂಲಕ ನೋಡೋಣ. ಕಾರ್ಡಿನ ಪ್ರಕಾರ ಮೊದಲ 3 ವರ್ಷ ಉಚಿತ. 4ನೇ ವರ್ಷ ಗ್ರಾಹಕರ ಪಾಲು ಶೇ. 40, 5ನೇ ವರ್ಷ ಶೇ. 55, 6ನೇ ವರ್ಷ ಶೇ. 70, 7ನೇ ವರ್ಷ ಶೇ. 85. ಈ ಪ್ರಮಾಣ ‘ಬದಲಾವಣೆಯ ದಿನದ ಗರಿಷ್ಠ ಮಾರಾಟ ಬೆಲೆ’ಯ ಮೇಲೆ ಎಂದು ಸಣ್ಣ ಅಕ್ಷರದಲ್ಲಿದೆ.

ತೂಬಗೆರೆಯ ಕುಟುಂಬವೊಂದು ಮಾರಾಟದ ಸಮಯದಲ್ಲಿ 14,000 ರೂಪಾಯಿಯ ಹಾಸಿಗೆಯನ್ನು ಶೇ. 30 ರಿಯಾಯಿತಿಯಲ್ಲಿ 9,800ಕ್ಕೆ ಕೊಂಡಿತು ಎಂದಿಟ್ಟುಕೊಳ್ಳೋಣ. ಐದನೆಯ ವರ್ಷ ಹಾಸಿಗೆ ನಡುವೆ ಗುಂಡಿ ಬಿದ್ದಿತು. ಕಂಪನಿಯವರು ಪರೀಕ್ಷಿಸಿ ದೋಷವನ್ನು ಒಪ್ಪಿಕೊಂಡರು. ಅಷ್ಟರಲ್ಲಿ ಅದೇ ಮಾದರಿಯ ಬೆಲೆ 18,000ಕ್ಕೆ ಏರಿದೆ. ಶೇ. 55ರಂತೆ ಕುಟುಂಬದ ಪಾಲು 9,900 ರೂಪಾಯಿ. ಅಂದರೆ ‘ಸಂಪೂರ್ಣ ವಾರಂಟಿ’ಯಿರುವ ಹಾಸಿಗೆಯನ್ನು ಬದಲಾಯಿಸಿಕೊಳ್ಳಲು, ಮೊದಲು ಕೊಂಡದ್ದಕ್ಕಿಂತ 100 ರೂಪಾಯಿ ಹೆಚ್ಚು ಕೊಡಬೇಕಾಯಿತು. ಕಂಪನಿ ತನ್ನ ಕಾರ್ಡಿನಂತೆಯೇ ನಡೆದುಕೊಂಡಿದೆ. ತಪ್ಪು ಇರುವುದು ಕರಪತ್ರದ ‘ಸಂಪೂರ್ಣ’ ಎಂಬ ಒಂದು ಪದದಲ್ಲಿ, ಆ ಪದವನ್ನು ಬರೆದವರು ಕಂಪನಿಯವರಲ್ಲ. ಜಗಳ ಬಂದು ನಿಲ್ಲುವುದು ದೊಡ್ಡಬಳ್ಳಾಪುರದ ಅಂಗಡಿಯ ಬಾಗಿಲಿನಲ್ಲಿ.

ರಿಯಾಯಿತಿ ಮಾರಾಟದಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಗ್ರಾಹಕರು ತೆತ್ತ ಬೆಲೆಗೂ ಮುದ್ರಿತ ಬೆಲೆಗೂ ಅಂತರ ದೊಡ್ಡದಾಗಿರುತ್ತದೆ. ಆದ್ದರಿಂದ ಕರಪತ್ರದಲ್ಲಿ “3 ವರ್ಷ ಉಚಿತ ಬದಲಾವಣೆ, 4ರಿಂದ 7ನೇ ವರ್ಷದವರೆಗೆ ಆಗಿನ ಬೆಲೆಯ ಶೇ. 40ರಿಂದ 85ರಷ್ಟನ್ನು ಗ್ರಾಹಕರು ಭರಿಸಬೇಕು” ಎಂದು ಬರೆಯುವುದೇ ಸರಿ. ‘7 ವರ್ಷ’ವನ್ನು ದೊಡ್ಡಕ್ಷರದಲ್ಲಿ ಹಾಕಿ ಉಳಿದದ್ದನ್ನು ನಕ್ಷತ್ರ ಚಿಹ್ನೆಯ ಕೆಳಗೆ ಇರುವೆಯ ಗಾತ್ರದಲ್ಲಿ ಹಾಕುವುದು ಈಗ ಸಲ್ಲದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಷರತ್ತಿನ ಟಿಪ್ಪಣಿಯು ಮುಖ್ಯ ಮಾತಿನ ಭಾಷೆಯಲ್ಲೇ, ಅದೇ ಅಕ್ಷರ ವಿನ್ಯಾಸದಲ್ಲಿ ಇರಬೇಕು; ಮುಖ್ಯ ಮಾತನ್ನೇ ಅಲ್ಲಗಳೆಯುವಂತೆ ಇರಬಾರದು. ಕನ್ನಡದಲ್ಲಿ ಮಾತು ಕೊಟ್ಟು ಇಂಗ್ಲಿಷಿನಲ್ಲಿ ಷರತ್ತು ಹಾಕುವ ಕರಪತ್ರಗಳು ಇಲ್ಲಿಯೇ ಎಡವುತ್ತವೆ.

ಎರಡನೆಯ ಸಂಗತಿ, ದೋಷವೆಂದರೇನು ಎಂಬುದು. ಹೊಸ ಹಾಸಿಗೆ ಕೆಲವು ತಿಂಗಳಲ್ಲಿ ಸ್ವಲ್ಪ ಮೆತ್ತಗಾಗುವುದು ಸಹಜ, ಅದು ವಾರಂಟಿಗೆ ಸೇರುವುದಿಲ್ಲ. ಕುಸಿತವೆಂದು ಒಪ್ಪಲು ಅನೇಕ ಕಂಪನಿಗಳು ಸುಮಾರು ಒಂದು ಅಂಗುಲದ ಆಳವನ್ನು ಗೊತ್ತುಪಡಿಸಿವೆ. ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಕಾರ್ಡನ್ನು ನೋಡಿಯೇ ಬರೆಯಬೇಕು. ಅಳೆಯುವ ಕ್ರಮ ಸುಲಭ. ಹಾಸಿಗೆಯ ಮೇಲೆ ಯಾರೂ ಕೂರದೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾದ ಕೋಲನ್ನೋ ಬಿಗಿದ ದಾರವನ್ನೋ ಇಟ್ಟು, ಗುಂಡಿಯ ತಳದಿಂದ ದಾರದವರೆಗೆ ಅಳತೆಪಟ್ಟಿಯಲ್ಲಿ ನೋಡಬೇಕು. ಈ ಕ್ರಮವನ್ನು ಕಾರ್ಡಿನ ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಮುದ್ರಿಸಿಕೊಟ್ಟರೆ, ಮುಕ್ಕಾಲು ಪಾಲು ವಾದಗಳು ಮನೆಯಲ್ಲೇ ಇತ್ಯರ್ಥವಾಗುತ್ತವೆ.

ಮೂರನೆಯದು, ವಾರಂಟಿ ಯಾವಾಗ ರದ್ದಾಗುತ್ತದೆ ಎಂಬುದು. ಕಲೆಯಾದ, ನೆನೆದ, ಗುರುತಿನ ಪಟ್ಟಿ ಕಿತ್ತ ಹಾಸಿಗೆಯನ್ನು ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಇನ್ನೊಂದು ಕಾರಣ ಹೆಚ್ಚು. ಹಳೆಯ ನವಾರಿನ ಮಂಚದ ಮೇಲೋ, ಪಟ್ಟಿಗಳ ನಡುವೆ ಅಗಲ ಬಿರುಕಿರುವ ಮಂಚದ ಮೇಲೋ ಹೊಸ ಹಾಸಿಗೆ ಹಾಸಿದರೆ ಬಾಗುವುದು ಮಂಚ, ದೂರು ಬರುವುದು ಹಾಸಿಗೆಯ ಮೇಲೆ. ಪರೀಕ್ಷೆಗೆ ಬಂದವರು ಹಾಸಿಗೆಯನ್ನು ನೆಲಕ್ಕೆ ಹಾಕಿಸಿ ನೋಡುವುದು ಇದಕ್ಕಾಗಿಯೇ: ನೆಲದ ಮೇಲೆ ಗುಂಡಿ ಮಾಯವಾದರೆ ತಪ್ಪು ಮಂಚದ್ದು. ಮೇಕ್‌ಓವರ್ ಮಾರಾಟದಲ್ಲಿ ಹಾಸಿಗೆಯೊಂದನ್ನೇ ಬದಲಾಯಿಸುವವರು ಬಹಳ. ಅವರಿಗೆ “ಸಮತಟ್ಟಾದ ಹಲಗೆಯ ಮಂಚಕ್ಕೆ ಮಾತ್ರ ವಾರಂಟಿ ಅನ್ವಯ” ಎಂಬ ಸಾಲನ್ನು ಕೊಳ್ಳುವ ಮೊದಲೇ ತಿಳಿಸಬೇಕು. ಅಂಗಡಿಗೆ ಇದರಿಂದ ನಷ್ಟವೂ ಇಲ್ಲ, ಒಂದು ಪ್ಲೈವುಡ್ ಹಲಗೆಯೂ ಮಾರಾಟವಾದೀತು.

ಕೊನೆಯದಾಗಿ ಸಾಗಣೆ. 78×72 ಅಂಗುಲದ ಹಾಸಿಗೆ ಪ್ಯಾಸೆಂಜರ್ ಆಟೋದಲ್ಲಿ ಹಿಡಿಯುವುದಿಲ್ಲ. ಸಾಸಲಿನಿಂದಲೋ ತೂಬಗೆರೆಯಿಂದಲೋ ಅದನ್ನು ಅಂಗಡಿಗೆ ತರುವ ಗೂಡ್ಸ್ ಗಾಡಿಯ ಬಾಡಿಗೆ ಯಾರದು? ಕೊಳ್ಳುವಾಗ ‘ಉಚಿತ ಸಾಗಣೆ’ ಎಂದ ಅಂಗಡಿ, ದೂರಿನ ಸಮಯದಲ್ಲಿ ‘ನೀವೇ ತನ್ನಿ’ ಎಂದರೆ ಗ್ರಾಹಕರಿಗೆ ಮೋಸವಾದಂತೆನಿಸುತ್ತದೆ. ಎಷ್ಟು ದೂರದವರೆಗೆ ಉಚಿತ, ಮಹಡಿ ಹತ್ತಿಸುವುದಕ್ಕೆ ಪ್ರತ್ಯೇಕ ಕೂಲಿಯಿದೆಯೆ, ವಾರಂಟಿ ದೂರಿಗೆ ಅಂಗಡಿಯವರೇ ಬಂದು ನೋಡುತ್ತಾರೆಯೆ ಎಂಬುದಕ್ಕೆ ಒಂದು ಸಾಲು ಬೇಕೇ ಬೇಕು.

ಕಾರ್ಡಿನಲ್ಲಿ ಹೊಣೆ ಹೊತ್ತವರ ಹೆಸರೂ ಸರಿಯಾಗಿರಬೇಕು. ಕರ್ಲ್‌ಆನ್ 2023ರಲ್ಲಿ ಸ್ಲೀಪ್‌ವೆಲ್ ಹಾಸಿಗೆಗಳ ತಯಾರಕರಾದ ಶೀಲಾ ಫೋಮ್ ಸಂಸ್ಥೆಯ ಒಡೆತನಕ್ಕೆ ಸೇರಿತು. ಇಂಥ ಬದಲಾವಣೆಗಳಾದಾಗ ದೂರು ಸ್ವೀಕರಿಸುವ ವಿಳಾಸ, ದೂರವಾಣಿಗಳು ಬದಲಾಗುವುದುಂಟು. ಹಳೆಯ ಕಾರ್ಡುಗಳ ಕಟ್ಟನ್ನು ಮುಗಿಯುವವರೆಗೆ ಹಂಚುವ ಮಿತವ್ಯಯ ಇಲ್ಲಿ ಬೇಡ.

ತೇಗ, ಪ್ಲೈವುಡ್, ರಿಯಾಯಿತಿ

‘ಶುದ್ಧ ತೇಗದ ಮಂಚ’ ಎಂಬಲ್ಲಿ ಕಾಲು, ಚೌಕಟ್ಟು ತೇಗವಾಗಿದ್ದು ಹಲಗೆ ಪ್ಲೈವುಡ್ ಆಗಿರುವುದು, ತಲೆಬದಿಯ ಹಲಗೆಯ ಮೇಲೆ ತೇಗದ ತೆಳು ಹಾಳೆ ಅಂಟಿಸಿರುವುದು ಸಾಮಾನ್ಯ. ಹಾಗೆಯೇ ಬರೆಯಬೇಕು: “ಕಾಲು ಮತ್ತು ಚೌಕಟ್ಟು ತೇಗ, ಹಲಗೆ 12 ಮಿ.ಮೀ. ಪ್ಲೈವುಡ್.” ಬೆಲೆ ಏಕೆ ಕಡಿಮೆಯಿದೆ ಎಂಬ ಪ್ರಶ್ನೆಗೆ ಅದೇ ಉತ್ತರವೂ ಆಗುತ್ತದೆ. ವಾರ್ಡ್‌ರೋಬುಗಳ ವಿಷಯದಲ್ಲಿ ‘ವಾಟರ್‌ಪ್ರೂಫ್’ ಎಂಬ ಪದ ಅಪಾಯಕಾರಿ. ಎಂ.ಆರ್. ದರ್ಜೆಯ ಪ್ಲೈವುಡ್ ಗಾಳಿಯ ತೇವವನ್ನು ತಾಳುತ್ತದೆಯೇ ಹೊರತು ನೀರನ್ನಲ್ಲ. ಪಾರ್ಟಿಕಲ್ ಬೋರ್ಡಿನ ಬುಡವಂತೂ ನೆಲ ತೊಳೆದ ನೀರಿಗೆ ಉಬ್ಬಿಬಿಡುತ್ತದೆ. ವಾರಕ್ಕೊಮ್ಮೆ ನೀರು ಸುರಿದು ನೆಲ ತೊಳೆಯುವ ಮನೆಗಳಿಗೆ ಮಾರುವಾಗ “ಬುಡಕ್ಕೆ ನೀರು ತಾಗದಂತೆ 3 ಅಂಗುಲದ ಕಾಲುಗಳಿವೆ” ಎಂಬ ಮಾತು ಯಾವ ವಿಶ್ವದರ್ಜೆಗಿಂತಲೂ ಹೆಚ್ಚು ಮಾರುತ್ತದೆ. ಗೆದ್ದಲು, ಕುಟ್ಟೆಹುಳುಗಳಿಗೆ ವಾರಂಟಿ ಇದೆಯೋ ಇಲ್ಲವೋ ಎಂಬುದನ್ನೂ ಹೇಳಬೇಕು. ತಮ್ಮದೇ ಕಾರ್ಖಾನೆಯಲ್ಲಿ ಮಂಚ ಮಾಡಿಸುವ ವರ್ತಕರು ಇನ್ನೂ ಎಚ್ಚರದಿಂದಿರಬೇಕು, ಕಾನೂನಿನ ದೃಷ್ಟಿಯಲ್ಲಿ ಅವರು ತಯಾರಕರೂ ಹೌದು. ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಲ್ಲದು.

‘ಶೇ. 60ರವರೆಗೆ’ ಎಂಬಲ್ಲಿನ ‘ವರೆಗೆ’ ಎಂಬ ಪದಕ್ಕೆ ಬೆಲೆ ಬರುವುದು ಅಷ್ಟು ರಿಯಾಯಿತಿಯ ವಸ್ತು ಅಂಗಡಿಯಲ್ಲಿ ಸಾಕಷ್ಟು ಇದ್ದಾಗ ಮಾತ್ರ. ಗೀರು ಬಿದ್ದ ಎರಡು ಟೀಪಾಯಿಗಳಿಗೆ ಶೇ. 60, ಉಳಿದದ್ದಕ್ಕೆಲ್ಲ ಶೇ. 15 ಎಂದಾದರೆ ಅದನ್ನು ಹಾಗೆಯೇ ಬರೆಯುವುದು ಸುರಕ್ಷಿತ. ಅಡಿಗೆರೆ ಹೊಡೆದ ಹಳೆಯ ಬೆಲೆಯೂ ವಾಸ್ತವವಾಗಿ ಮಾರಿದ ಬೆಲೆಯಾಗಿರಬೇಕು. ಹಿಂದಿನ ತಿಂಗಳುಗಳ ಬಿಲ್ಲುಗಳು ಅದಕ್ಕೆ ಸಾಕ್ಷಿ.

ತಿದ್ದಿದ ಪಠ್ಯ

ಇಷ್ಟೆಲ್ಲ ನೋಡಿದ ಮೇಲೆ ಆ ಮಳಿಗೆಯ ಕರಪತ್ರ ಹೀಗೆ ನಿಲ್ಲಬಹುದು:

“ಹೋಮ್ ಮೇಕ್‌ಓವರ್ ಸೇಲ್, ಜುಲೈ 18ರಿಂದ ಆಗಸ್ಟ್ 2ರವರೆಗೆ. ನಾರು–ಫೋಮ್ ಹಾಸಿಗೆ, 78×60 ಅಂಗುಲ, 5 ಅಂಗುಲ ದಪ್ಪ: 4 ಅಂಗುಲ ರಬ್ಬರ್ ಲೇಪಿತ ತೆಂಗಿನ ನಾರು, ಮೇಲೆ 1 ಅಂಗುಲ ಫೋಮ್ (ಸಾಂದ್ರತೆ 32). ನಮ್ಮಲ್ಲಿರುವ ಹಾಸಿಗೆಗಳ ಪೈಕಿ ಗಟ್ಟಿಯಾದದ್ದು. ಮುದ್ರಿತ ಬೆಲೆ ರೂ. 14,000, ಮಾರಾಟದ ಬೆಲೆ ತೆರಿಗೆ ಸೇರಿ ರೂ. 9,800. ದಾಸ್ತಾನು 40. ಒಂದು ಅಂಗುಲಕ್ಕಿಂತ ಆಳವಾಗಿ ಕುಸಿದರೆ 3 ವರ್ಷ ಉಚಿತವಾಗಿ ಬದಲಾಯಿಸಿಕೊಡಲಾಗುವುದು. 4ರಿಂದ 7ನೇ ವರ್ಷದವರೆಗೆ ಆಗಿನ ಬೆಲೆಯ ಶೇ. 40ರಿಂದ 85ರಷ್ಟು ಗ್ರಾಹಕರದು. ಸಮತಟ್ಟಾದ ಹಲಗೆಯ ಮಂಚಕ್ಕೆ ಮಾತ್ರ ಅನ್ವಯ. ನೆನೆದ, ಕಲೆಯಾದ ಹಾಸಿಗೆಗೆ ಅನ್ವಯಿಸದು. ತಾಲ್ಲೂಕಿನೊಳಗೆ ಸಾಗಣೆ ಉಚಿತ. ದೂರು ಬಂದರೆ 7 ದಿನದೊಳಗೆ ನಾವೇ ಬಂದು ಅಳೆದು ನೋಡುತ್ತೇವೆ. ಬನ್ನಿ, ಹತ್ತು ನಿಮಿಷ ಮಲಗಿ ನೋಡಿ.”

ಈ ಪಠ್ಯದಲ್ಲಿ ಉದ್ಗಾರ ಚಿಹ್ನೆ ಒಂದೂ ಇಲ್ಲ. ಆಟೋದ ಧ್ವನಿವರ್ಧಕಕ್ಕೆ ಇದು ಉದ್ದವಾಯಿತು ಎನ್ನುವವರು ದಿನಾಂಕ, ಬೆಲೆ, ‘3 ವರ್ಷ ಉಚಿತ ಬದಲಾವಣೆ’ ಎಂಬ ಮೂರನ್ನು ಮಾತ್ರ ಕೂಗಿಸಬಹುದು. ‘7 ವರ್ಷ’ ಎಂದು ಕೂಗಿಸಬಾರದು. ಕರಪತ್ರದ ಒಂದು ಪ್ರತಿಯ ಮೇಲೆ ದಿನಾಂಕ ಬರೆದು, ಸರಬರಾಜುದಾರರ ದೃಢೀಕರಣ ಪತ್ರ ಮತ್ತು ವಾರಂಟಿ ಕಾರ್ಡಿನ ನಕಲಿನೊಂದಿಗೆ ಕಡತದಲ್ಲಿ ಇಡಬೇಕು. ಮಾರಾಟದ ದಿನವೇ ಕಾರ್ಡಿನಲ್ಲಿ ಬಿಲ್ಲಿನ ಸಂಖ್ಯೆ, ಮಾದರಿಯ ಹೆಸರು, ಅಳತೆ ತುಂಬಿ ಮೊಹರು ಹಾಕಿಕೊಡಬೇಕು. ಐದನೆಯ ವರ್ಷ ದೂರು ಬಂದಾಗ ಅಂಗಡಿಯಲ್ಲಿ ಕೂತಿರುವವರು ಮಾಲೀಕರ ಮಗನೋ ಹೊಸ ಗುಮಾಸ್ತನೋ ಆಗಿರಬಹುದು. ಏನು ಹೇಳಿ ಮಾರಿದ್ದರು ಎಂಬುದು ಅವರಿಗೆ ತಿಳಿಯುವುದು ಆ ಕಡತದಿಂದ ಮಾತ್ರ.